ತಮ್ಮನ ಮಗಳಿಗೆ ಮೂರು ಗ್ರಾಂ ಚಿನ್ನ: ಅಂಗಡಿಗೆ ಹೋಗುವ ಮುಂಚೆ ಹಾಕಬೇಕಾದ ಲೆಕ್ಕ

ಕುಮಟಾದ ಒಂದು ಸಹಕಾರಿ ಸಂಘದ ಚಿನ್ನದ ಸಾಲದ ಕೌಂಟರಿನಲ್ಲಿ ನಾನು ಇಪ್ಪತ್ತೆರಡು ವರ್ಷ ಕೂತಿದ್ದೆ. ಮದುವೆಯಲ್ಲಿ ಬಂದ ಉಡುಗೊರೆಯನ್ನು ಐದಾರು ವರ್ಷದ ಮೇಲೆ ಕರವಸ್ತ್ರದಲ್ಲಿ ಕಟ್ಟಿಕೊಂಡು ತರುವ ಹೆಣ್ಣುಮಕ್ಕಳನ್ನು ದಿನಾ ನೋಡಿದ್ದೇನೆ. ಮಗುವಿನ ಫೀಸು, ಗಂಡನ ಆಪರೇಷನ್, ಮನೆಯ ಮಾಡು ರಿಪೇರಿ. ನಮ್ಮ ಸರಾಫರು ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ತೂಗಿ, ಕಲ್ಲಿನ ತೂಕ ಕಳೆದು ಒಂದು ಸಂಖ್ಯೆ ಬರೆಯುತ್ತಿದ್ದರು. ಆ ಸಂಖ್ಯೆ ನೋಡಿ ಎಷ್ಟೋ ಮುಖಗಳು ಸಪ್ಪಗಾಗಿದ್ದನ್ನು ನಾನು ಮರೆತಿಲ್ಲ. "ಇದು ಅರ್ಧ ಪವನಿನದು ಅಂದಿದ್ರಲ್ಲ" ಅನ್ನುತ್ತಿದ್ದರು. ಕೊಟ್ಟವರೂ ಹಾಗೇ ನಂಬಿ ಕೊಟ್ಟಿದ್ದರು. ಒಡವೆಗೆ ಕೊಟ್ಟ ಹಣ ಅಷ್ಟೂ ಚಿನ್ನವಾಗಿ ಉಳಿದಿರಲಿಲ್ಲ, ಅಷ್ಟೇ.

ಹಾಗಾಗಿ ತಮ್ಮನ ಮಗಳಾದ ಸೊಸೆಗೋ, ತೊಟ್ಟಿಲಲ್ಲಿರುವ ಅವಳ ತಂಗಿಗೋ ಚಿನ್ನ ಕೊಡುವಾಗ ನಾನು ನೋಡುವುದು ಒಂದನ್ನೇ: ನನ್ನ ಹಣದಲ್ಲಿ ಎಷ್ಟು ಗ್ರಾಂ ಚಿನ್ನ ಅವಳ ಹತ್ತಿರ ನಿಲ್ಲುತ್ತದೆ, ಮತ್ತು ಅಷ್ಟು ತೂಕಕ್ಕೆ ಯಾವ ಒಡವೆ ಗಟ್ಟಿಯಾಗಿ ಬಾಳುತ್ತದೆ. ಶಿರಸಿಯ ನನ್ನ ತಮ್ಮನ ಮಗಳ ಮದುವೆಗೆ ನಾನು ಇಟ್ಟುಕೊಂಡಿದ್ದು 40,000 ರೂಪಾಯಿ. ಆ ಲೆಕ್ಕವನ್ನೇ ಇಲ್ಲಿ ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ.

ಮೊದಲು ಹಣವನ್ನು ಗ್ರಾಂ ಮಾಡಿ

ನಮ್ಮಲ್ಲಿ ಬಹಳ ಜನ ಮೊದಲು ಅಂಗಡಿಗೆ ಹೋಗುತ್ತಾರೆ, ಒಡವೆ ಇಷ್ಟಪಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಅಷ್ಟು ಹೊತ್ತಿಗೆ ಮನಸ್ಸು ಆ ಒಡವೆಯ ಮೇಲೆ ನಿಂತಿರುತ್ತದೆ. ಮನೆಯಲ್ಲೇ ಕೂತು ತಿರುಗಿಸಿ ಲೆಕ್ಕ ಹಾಕಿ.

ಒಡವೆಯ ಬಿಲ್ಲಿನಲ್ಲಿ ಮುಖ್ಯವಾಗಿ ಮೂರು ಭಾಗ. ಒಂದು, ಚಿನ್ನದ ಬೆಲೆ. ಎರಡು, ಮಜೂರಿ. ಇದನ್ನು ಮೇಕಿಂಗ್ ಚಾರ್ಜ್ ಅಂತಲೂ, ವೇಸ್ಟೇಜ್ ಅಂತಲೂ, ಹಳಬರು ತೇಮಾನು ಅಂತಲೂ ಹೇಳುತ್ತಾರೆ. ಕೆಲವು ಅಂಗಡಿಯವರು ಮೇಕಿಂಗ್, ವೇಸ್ಟೇಜ್ ಎರಡನ್ನೂ ಬೇರೆ ಬೇರೆ ಹಾಕುತ್ತಾರೆ, ಕೆಲವರು ಒಂದೇ ಸಾಲಿನಲ್ಲಿ. ಮೂರು, ಇವೆರಡೂ ಸೇರಿದ ಮೊತ್ತದ ಮೇಲೆ ಶೇಕಡಾ 3 ಜಿಎಸ್‌ಟಿ. ಇವುಗಳ ಜೊತೆ ಹಾಲ್‌ಮಾರ್ಕ್ ಶುಲ್ಕ ಇರುತ್ತದೆ, ಆದರೆ ಅದು ತೀರಾ ಸಣ್ಣದು. ನಗಕ್ಕೆ 45 ರೂಪಾಯಿ, ಅದರ ತೆರಿಗೆ ಸೇರಿ 53.

ಚಿನ್ನದ ದರ ದಿನಾ ಬದಲಾಗುತ್ತದೆ. ಲೆಕ್ಕ ಸುಲಭವಾಗಲಿ ಎಂದು 22 ಕ್ಯಾರೆಟ್ ಗ್ರಾಮಿಗೆ 12,000 ರೂಪಾಯಿ ಎಂದು ಹಿಡಿಯುತ್ತೇನೆ. ನೀವು ಹೋಗುವ ದಿನದ ದರ ಹಾಕಿಕೊಳ್ಳಿ. ವಿಧಾನ ಬದಲಾಗುವುದಿಲ್ಲ.

40,000ವನ್ನು 1.03ರಿಂದ ಭಾಗಿಸಿ. ತೆರಿಗೆ ಕಳೆದು ಸುಮಾರು 38,835 ಉಳಿಯಿತು. ಮಜೂರಿ ಶೇಕಡಾ 9 ಎಂದರೆ ಇದನ್ನು 1.09ರಿಂದ ಭಾಗಿಸಿ. 35,628 ಬಂತು. ಇದನ್ನು ದರದಿಂದ ಭಾಗಿಸಿದರೆ 2.97 ಗ್ರಾಂ. ನನ್ನ ಹಣಕ್ಕೆ ಸಿಗುವ ಚಿನ್ನ ಇಷ್ಟು.

ಈಗ ಮಜೂರಿ ಶೇಕಡಾ 18 ಎಂದು ಹಾಕಿ ನೋಡಿ. 2.74 ಗ್ರಾಂ. ಶೇಕಡಾ 25 ಆದರೆ 2.59 ಗ್ರಾಂ. ಅದೇ ಹಣ, ಅದೇ ದರ, ಅದೇ ದಿನ. ಆದರೆ ಸುಮಾರು 0.4 ಗ್ರಾಂ ಚಿನ್ನ, ಅಂದರೆ 4,500 ರೂಪಾಯಿಗಿಂತ ಜಾಸ್ತಿ, ಕೆಲಸದ ಕೂಲಿಯಲ್ಲಿ ಹೋಯಿತು. ದೊಡ್ಡ ಹಾರ ಕೊಳ್ಳುವವರು ಇದನ್ನು ತಡೆದುಕೊಳ್ಳಬಹುದು. ನಮ್ಮಂಥವರ ಮೂರು ಗ್ರಾಮಿನಲ್ಲಿ ಇದು ದೊಡ್ಡ ಪಾಲು.

ಕೂಲಿ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ನಮ್ಮ ಕರಾವಳಿಯ ಅಕ್ಕಸಾಲಿ ಶೇಟರ ಕೈಕೆಲಸ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಅದಕ್ಕೆ ಬೆಲೆ ಕೊಡಬೇಕಾದದ್ದೇ. ಆದರೆ ಹಣ ಕಡಿಮೆ ಇದ್ದಾಗ ಕುಸುರಿಗೆ ಹೋದದ್ದು ಚಿನ್ನಕ್ಕೆ ಕಡಿಮೆಯಾಗುತ್ತದೆ. ಒಡವೆಯನ್ನು ಅಡವು ಇಡಲು ತಂದಾಗ ಸರಾಫರು ಕುಸುರಿಗೆ ಒಂದು ಪೈಸೆಯನ್ನೂ ಕಟ್ಟುವುದಿಲ್ಲ.

ಮೂರು ಗ್ರಾಮಿಗೆ ಏನು ಚೆಂದ, ಏನು ಬೇಡ

ಈ ತೂಕಕ್ಕೆ ಅಂಗಡಿಯಲ್ಲಿ ಏನೆಲ್ಲಾ ತೋರಿಸುತ್ತಾರೆ ಗೊತ್ತಾ? ಸರವನ್ನೂ ತೋರಿಸುತ್ತಾರೆ. ಮೂರು ಗ್ರಾಮಿನ ಸರ ನೋಡಲು ಉದ್ದವಾಗಿ, ಪೆಟ್ಟಿಗೆ ತುಂಬಾ ಕಾಣುತ್ತದೆ. ಆದರೆ ಅದು ದಾರದಷ್ಟು ಸಪೂರ. ನಮ್ಮ ಕೌಂಟರಿಗೆ ತುಂಡಾಗಿ ಬಂದ ಒಡವೆಗಳಲ್ಲಿ ಇಂಥ ಸರಗಳೇ ಜಾಸ್ತಿ. ಕೊಂಡಿಯ ಹತ್ತಿರ ಕಿತ್ತುಹೋಗುತ್ತದೆ, ಇಲ್ಲವೇ ಮಗು ಎಳೆದು ತುಂಡಾಗುತ್ತದೆ. ಬೆಸುಗೆ ಹಾಕಿಸಿದಷ್ಟೂ ಆ ಜಾಗ ಗಡಸಾಗಿ ಪಕ್ಕದಲ್ಲಿ ಮತ್ತೆ ತುಂಡಾಗುತ್ತದೆ. ದಿನಾ ಹಾಕುವ ಸರ ಕೊಡಬೇಕು ಎಂದರೆ ಮೂರು ಗ್ರಾಂ ಸಾಲದು. ನಾಲ್ಕು ಜನ ಸೇರಿ ಒಂದು ಒಳ್ಳೆ ಸರ ಕೊಡಬಹುದು. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲ ಒಟ್ಟಾಗಿ ಕೊಡುವುದು ನಮ್ಮಲ್ಲೂ ಈಗ ನಡೆಯುತ್ತಿದೆ, ನನಗೆ ಅದು ಸರಿ ಅನಿಸುತ್ತದೆ.

ಜುಮಕಿಯದು ಬೇರೆ ತೊಂದರೆ. ಇಷ್ಟು ತೂಕದಲ್ಲಿ ಗಂಟೆ ದೊಡ್ಡದಾಗಿ ಕಾಣಬೇಕೆಂದರೆ ತಗಡು ತೆಳ್ಳಗಾಗಲೇಬೇಕು. ಬೆರಳಲ್ಲಿ ಸ್ವಲ್ಪ ಒತ್ತಿದರೆ ನೆಗ್ಗುತ್ತದೆ. ನೆಗ್ಗಿದ್ದನ್ನು ಒಳಗಿನಿಂದ ತಟ್ಟಿ ಸರಿಮಾಡಲು ಹೋದರೆ ಸೀಳುತ್ತದೆ. ಪೊಳ್ಳು ಗುಂಡುಗಳ ವಿಷಯದಲ್ಲಿ ಇನ್ನೊಂದು ನೋಡಬೇಕು. ಕೆಲವದರ ಒಳಗೆ ಅರಗು ತುಂಬಿರುತ್ತದೆ. ನೆಗ್ಗಬಾರದು ಅಂತ ತುಂಬುವುದು ಅದು, ಮೋಸವೆಂದೇ ಅಲ್ಲ. ಆದರೆ ತಕ್ಕಡಿಗೆ ಅರಗೂ ತೂಗುತ್ತದೆ. ಆ ತೂಕ ಕಳೆದಿದ್ದಾರಾ ಎಂದು ಕೇಳಲೇಬೇಕು.

ಉಂಗುರ ಮೂರು ಗ್ರಾಮಿಗೆ ಒಳ್ಳೆ ಒಡವೆ. ಗಟ್ಟಿ ಇರುತ್ತದೆ. ಅಳತೆಯದೇ ಚಿಂತೆ. ಮದುಮಗಳಿಗೆ ಗೊತ್ತಾಗದ ಹಾಗೆ ತರಬೇಕು ಅಂದರೆ ಅವಳ ಅಮ್ಮನ ಹತ್ತಿರ ಅವಳ ಒಂದು ಹಳೆ ಉಂಗುರ ಕೇಳಿ, ಅದನ್ನೇ ಅಂಗಡಿಗೆ ಒಯ್ಯಿರಿ. ಯಾವ ಬೆರಳಿನದು ಅಂತಲೂ ಕೇಳಿಕೊಳ್ಳಿ. ಸುತ್ತಲೂ ಕಲ್ಲಿರುವ ಉಂಗುರವನ್ನು ಆಮೇಲೆ ದೊಡ್ಡದು ಚಿಕ್ಕದು ಮಾಡಿಸುವುದು ಕಷ್ಟ. ಸಾದಾ ಉಂಗುರಕ್ಕೆ ಆ ಕಷ್ಟ ಇಲ್ಲ.

ಪದಕ ಕೊಟ್ಟರೆ ಅದನ್ನು ಹಾಕಲು ಸರ ಬೇಕು. ಅವಳ ಹತ್ತಿರ ಸರ ಇದೆಯೋ ಇಲ್ಲವೋ ತಿಳಿದುಕೊಂಡು ಕೊಡಿ. ಮೂಗುಬೊಟ್ಟು ಮೂಗು ಚುಚ್ಚಿದ್ದರೆ ಮಾತ್ರ. ಕರಿಮಣಿ ಸರಕ್ಕೆ ಗುಂಡು ಮಾಡಿಸಿ ಕೊಡೋಣ ಎಂದು ಕೆಲವರಿಗೆ ಆಸೆ. ಆದರೆ ಕರಿಮಣಿ ಯಾರ ಕಡೆಯಿಂದ ಬರಬೇಕು, ಎಷ್ಟು ಗುಂಡು, ಯಾವ ಆಕಾರ ಎಂಬುದು ಮನೆಮನೆಗೂ ಬೇರೆ. ಬೀಗರ ಪದ್ಧತಿ ಕೇಳದೆ ಅದಕ್ಕೆ ಕೈ ಹಾಕಬೇಡಿ.

ನಾಣ್ಯ ಕೊಟ್ಟರೆ ಮಜೂರಿ ಕಡಿಮೆ, ಚಿನ್ನ ಜಾಸ್ತಿ. ಮಜೂರಿ ಶೇಕಡಾ 3 ಎಂದು ಹಿಡಿದರೆ ನನ್ನ 40,000ಕ್ಕೆ 24 ಕ್ಯಾರೆಟಿನ ಸುಮಾರು 2.88 ಗ್ರಾಂ ಬರುತ್ತಿತ್ತು. 22 ಕ್ಯಾರೆಟ್ ಲೆಕ್ಕಕ್ಕೆ ತಂದರೆ 3.14 ಗ್ರಾಂ. ಲೆಕ್ಕದಲ್ಲಿ ನಾಣ್ಯವೇ ಮುಂದೆ. ಆದರೂ ಮದುವೆಗೆ ನಾನು ನಾಣ್ಯ ಆರಿಸಲಿಲ್ಲ. ಮದುಮಗಳು ಹಾಕಿಕೊಂಡು ಓಡಾಡುವ ವಸ್ತುವಿಗೆ ಅದರದ್ದೇ ಸಂತೋಷ ಇದೆ ಅಲ್ವಾ. ಇನ್ನೂ ಒಂದು ಕಾರಣ ಇತ್ತು. ಅಂಗಡಿಯಲ್ಲಿ ಕೊಂಡ ನಾಣ್ಯವನ್ನು ನಮ್ಮ ಸಂಘದಲ್ಲಿ ಅಡವಾಗಿ ತೆಗೆದುಕೊಳ್ಳುತ್ತಿರಲಿಲ್ಲ, ಒಡವೆ ಮಾತ್ರ. ಬ್ಯಾಂಕಿನಲ್ಲಿ ಕೊಂಡ ನಾಣ್ಯವನ್ನು ಆ ಬ್ಯಾಂಕು ವಾಪಸ್ ಕೊಳ್ಳುವುದಿಲ್ಲ ಎಂಬುದೂ ನೆನಪಿರಲಿ. ಅಂಗಡಿಯಲ್ಲೇ ಮಾರಬೇಕು.

ಕೊನೆಗೆ ನಾನು ಮನಸ್ಸು ಮಾಡಿದ್ದು ಗಟ್ಟಿ ಓಲೆಗೆ. ಕಲ್ಲಿಲ್ಲದ, ಹೂವಿನ ಆಕಾರದ, ಹಿಂದೆ ತಿರುಪು ಇರುವ ಜೋಡಿ. ನಮ್ಮ ಹುಡುಗಿ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ದಿನಾ ಹಾಕಬಹುದು, ಕಿವಿಗೆ ಭಾರ ಆಗುವುದಿಲ್ಲ, ಅಳತೆಯ ಚಿಂತೆ ಇಲ್ಲ.

ಅಂಗಡಿಯಲ್ಲಿ: ಎರಡು ಓಲೆ, ಎರಡು ಬಿಲ್

ಶಿರಸಿಯ ಪೇಟೆಯಲ್ಲಿ ತಮ್ಮನನ್ನೂ ಕರೆದುಕೊಂಡು ಎರಡು ಅಂಗಡಿ ಹತ್ತಿದೆ. ಮೊದಲ ಅಂಗಡಿಯಲ್ಲಿ ಗಟ್ಟಿ ಓಲೆ ಕೇಳಿದರೂ ಮೊದಲು ಟ್ರೇಯಲ್ಲಿ ಬಂದಿದ್ದು ಜುಮಕಿ. ಚೆಂದ ಇತ್ತು, ಸುಳ್ಳು ಹೇಳುವುದಿಲ್ಲ. ಕೆಂಪು ಕಲ್ಲು, ಕೆಳಗೆ ಮುತ್ತು.

"ತೂಕ ಎಷ್ಟು?" ಅಂದೆ.

"ಮೂರು ಗ್ರಾಂ ನಲವತ್ತೆರಡು, ಅಕ್ಕಾ."

"ಅದು ಒಟ್ಟು ತೂಕ. ಕಲ್ಲು ಮುತ್ತು ಬಿಟ್ಟು?"

ಹುಡುಗ ಚೀಟಿ ತಿರುಗಿಸಿ ನೋಡಿದ. "ಎರಡು ಎಂಬತ್ತೊಂದು."

ಇದೇ ಮೊದಲು ಕೇಳಬೇಕಾದ ಪ್ರಶ್ನೆ. ಒಟ್ಟು ತೂಕ ಬೇರೆ, ನಿವ್ವಳ ತೂಕ ಬೇರೆ. ಒಡವೆಗೆ ಕಟ್ಟಿದ ಚೀಟಿಯಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ. ಚಿನ್ನದ ದರವನ್ನು ನಿವ್ವಳ ತೂಕಕ್ಕೆ ಮಾತ್ರ ಹಾಕಬೇಕು. ಕಲ್ಲಿಗೆ ಕಲ್ಲಿನ ಬೆಲೆ ಬೇರೆ. ಈ ಜುಮಕಿಯಲ್ಲಿ 0.61 ಗ್ರಾಂ ಕಲ್ಲು ಮುತ್ತು. ಅಷ್ಟಕ್ಕೂ ಚಿನ್ನದ ದರ ಹಾಕಿದ್ದರೆ 7,320 ರೂಪಾಯಿ ಸುಮ್ನೆ ಹೋಗುತ್ತಿತ್ತು. ಆ ಅಂಗಡಿಯವರು ಹಾಗೆ ಹಾಕಲಿಲ್ಲ.

ಆದರೆ ನನ್ನ ದೊಡ್ಡ ಸೊಸೆಯ ಮದುವೆಯಲ್ಲಿ ಹಾಗೇ ಆಗಿತ್ತು. ಆಗ ನಾನು ಕೌಂಟರಿಗೆ ಹೊಸಬಳು. ಒಂದು ಊರಿನ ಒಂದು ಅಂಗಡಿಯಲ್ಲಿ ಕಲ್ಲಿನ ಉಂಗುರ ತೆಗೆದುಕೊಂಡೆ. 4.2 ಗ್ರಾಂ ಎಂದರು, ಬಿಳಿ ಚೀಟಿಯಲ್ಲಿ ಒಂದೇ ಸಾಲು ಬರೆದು ಕೊಟ್ಟರು. ಏಳು ವರ್ಷದ ಮೇಲೆ ಅವಳು ಮನೆ ಕಟ್ಟುವಾಗ ಅದನ್ನು ಬದಲಾಯಿಸಲು ಒಯ್ದಳು. ಕಲ್ಲು ಬಿಚ್ಚಿ ತೂಗಿದರೆ 3.4 ಗ್ರಾಂ. ಕೇಳಲು ಬಿಲ್ ಇಲ್ಲ. ಅವಳು ನನ್ನ ಹತ್ತಿರ ಏನೂ ಹೇಳಲಿಲ್ಲ. ತಮ್ಮನ ಹೆಂಡತಿಯಿಂದ ಗೊತ್ತಾಯಿತು. ಈಗಲೂ ನನಗೆ ಅದು ನೋವು.

ಎರಡನೇ ಪ್ರಶ್ನೆ ಮಜೂರಿ. "ಎಷ್ಟು ಪರ್ಸೆಂಟ್?" ಎಂದು ನೇರ ಕೇಳಿ. ಕೆಲವರು ಗ್ರಾಮಿಗೆ ಇಷ್ಟು ರೂಪಾಯಿ ಎನ್ನುತ್ತಾರೆ. ಆಗ ಅದನ್ನು ದರದಿಂದ ಭಾಗಿಸಿ ಪರ್ಸೆಂಟ್ ಮಾಡಿಕೊಳ್ಳಿ, ಇಲ್ಲದಿದ್ದರೆ ಎರಡು ಅಂಗಡಿ ಹೋಲಿಸಲು ಆಗುವುದಿಲ್ಲ. ಗ್ರಾಮಿಗೆ 1,200 ಎಂದರೆ ಶೇಕಡಾ 10. ಹಗುರ ಒಡವೆಗೆ ಎಷ್ಟೋ ಅಂಗಡಿಯಲ್ಲಿ ಕನಿಷ್ಠ ಮಜೂರಿ ಎಂದು ಇರುತ್ತದೆ, ಅದನ್ನೂ ಕೇಳಿ. "ಮಜೂರಿಯಲ್ಲಿ ಅರ್ಧ ಬಿಡುತ್ತೇವೆ" ಎಂಬ ಬೋರ್ಡ್ ನೋಡಿ ಖುಷಿಪಡಬೇಡಿ. ಬಿಟ್ಟ ಮೇಲೆ ಎಷ್ಟು ಪರ್ಸೆಂಟ್ ಉಳಿಯಿತು ಎಂಬುದನ್ನೇ ನೋಡಿ.

ಆ ಜುಮಕಿಗೆ ಮಜೂರಿ ಶೇಕಡಾ 18, ಕಲ್ಲಿಗೆ 900 ರೂಪಾಯಿ. ಲೆಕ್ಕ ಹೀಗಾಯಿತು. ಚಿನ್ನ 2.81 ಗ್ರಾಮಿಗೆ 33,720. ಮಜೂರಿ 6,070. ಕಲ್ಲು 900. ಮೂರೂ ಸೇರಿ 40,690. ಜಿಎಸ್‌ಟಿ 1,221. ಹಾಲ್‌ಮಾರ್ಕ್ ಎರಡು ನಗಕ್ಕೆ 106. ಒಟ್ಟು 42,017.

ಎರಡನೇ ಅಂಗಡಿ ಚಿಕ್ಕದು. ಅಲ್ಲಿ ಹೂವಿನ ಓಲೆ ಸಿಕ್ಕಿತು. 2.96 ಗ್ರಾಂ, ಕಲ್ಲಿಲ್ಲ, ಆದ್ದರಿಂದ ಒಟ್ಟೂ ನಿವ್ವಳವೂ ಒಂದೇ. ಮಜೂರಿ ಶೇಕಡಾ 12 ಎಂದರು. ಇನ್ನೊಂದು ಅಂಗಡಿಯ ಲೆಕ್ಕ ಕೈಯಲ್ಲಿತ್ತು, ಸಾದಾ ಕೆಲಸಕ್ಕೆ ಇಷ್ಟು ಬೇಡ ಎಂದು ಕೇಳಿದೆ, 9ಕ್ಕೆ ಇಳಿಸಿದರು. ಚಿನ್ನದ ದರದಲ್ಲಿ ಚೌಕಾಶಿ ನಡೆಯುವುದಿಲ್ಲ, ಮಜೂರಿಯಲ್ಲಿ ನಡೆಯುತ್ತದೆ. ಚಿನ್ನ 35,520. ಮಜೂರಿ 3,197. ಜಿಎಸ್‌ಟಿ 1,162. ಹಾಲ್‌ಮಾರ್ಕ್ 106. ಒಟ್ಟು 39,985.

ಈಗ ಕೌಂಟರಿನ ಈಚೆಯಿಂದ ನೋಡಿ. ಜುಮಕಿಗೆ ಕೊಟ್ಟ ಹಣದಲ್ಲಿ 8,297 ರೂಪಾಯಿ ಚಿನ್ನವಲ್ಲದ್ದು. ಓಲೆಯಲ್ಲಿ 4,465. ಎರಡು ಸಾವಿರ ಕಡಿಮೆ ಕೊಟ್ಟು ನನ್ನ ಸೊಸೆಗೆ 0.15 ಗ್ರಾಂ ಜಾಸ್ತಿ ಚಿನ್ನ ಸಿಕ್ಕಿತು.

ತೂಗುವಾಗ ಒಂದು ಚಿಕ್ಕ ವಿಷಯ. ಚೀಟಿ ಮತ್ತು ದಾರ ಬಿಡಿಸಿಯೇ ತಕ್ಕಡಿಗೆ ಇಡಲು ಹೇಳಿ. ಇಡುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ನೋಡಿ, ಹತ್ತಿರದ ಫ್ಯಾನ್ ಆರಿಸಲು ಹೇಳಿ. 0.1 ಗ್ರಾಂ ಅಂದರೆ 1,200 ರೂಪಾಯಿ. ಹೀಗೆ ಹೇಳಿದ್ದಕ್ಕೆ ಒಳ್ಳೆ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹಾಲ್‌ಮಾರ್ಕ್ ಇದೆ ಎನ್ನುವುದು ಸಾಲದು, ಓದಿ

ಹಾಲ್‌ಮಾರ್ಕ್ 2021ರ ಜೂನ್ ತಿಂಗಳಿಂದ ಹಂತ ಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹೊಸದಾಗಿ ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ ಇರಲೇಬೇಕು. ಒಡವೆಯ ಮೇಲೆ ಮೂರು ಗುರುತು ನೋಡಿ: ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ತ್ರಿಕೋನದ ಚಿಹ್ನೆ, 22 ಕ್ಯಾರೆಟ್ ಆದರೆ `22K916` ಎಂಬ ಶುದ್ಧತೆಯ ಗುರುತು, ಆಮೇಲೆ ಆ ಆರು ಅಕ್ಷರ. 916 ಎಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ. ಬರಿಗಣ್ಣಿಗೆ ಕಾಣುವುದಿಲ್ಲ. ಅಂಗಡಿಯಲ್ಲಿ ಭೂತಗನ್ನಡಿ ಕೇಳಿ, ಇಲ್ಲವೇ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ಆಮೇಲೆ ಮೊಬೈಲಿನಲ್ಲಿ `BIS Care` ಎಂಬ ಆ್ಯಪ್ ತೆರೆದು, `Verify HUID` ಒತ್ತಿ, ಆ ಆರು ಅಕ್ಷರ ಹಾಕಿ. ಯಾವ ಅಂಗಡಿ ಹಾಲ್‌ಮಾರ್ಕ್ ಮಾಡಿಸಿದ್ದು, ಎಲ್ಲಿ ಪರೀಕ್ಷೆ ಆಯಿತು, ಒಡವೆ ಯಾವುದು, ಶುದ್ಧತೆ ಎಷ್ಟು ಎಂದು ತೋರಿಸುತ್ತದೆ. ಶುದ್ಧತೆಯನ್ನು ಮಾತ್ರ ನೋಡಿ ಮುಚ್ಚಬೇಡಿ. ನಿಮ್ಮ ಕೈಯಲ್ಲಿ ಓಲೆ ಇದ್ದು ಆ್ಯಪ್‌ನಲ್ಲಿ ಉಂಗುರ ಎಂದು ಬಂದರೆ ಆ ನಂಬರು ಬೇರೆ ಒಡವೆಯದು. ಅಲ್ಲೇ ನಿಲ್ಲಿಸಿ.

ನಮ್ಮ ಜಿಲ್ಲೆಯವರು ತಿಳಿದಿರಬೇಕಾದ ಎರಡು ವಿನಾಯಿತಿ ಇವೆ. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಇರುವ ಅಂಗಡಿಗೂ ಕಡ್ಡಾಯವಲ್ಲ. ಊರೊಳಗೆ ಕೈಯಲ್ಲಿ ಮಾಡಿಕೊಡುವ ಚಿಕ್ಕ ಅಂಗಡಿಗಳು ಇದರಲ್ಲಿ ಬರಬಹುದು. ಆದ್ದರಿಂದ ಗುರುತಿಲ್ಲ ಎಂದರೆ ಕಳ್ಳ ಚಿನ್ನ ಎಂದು ತಿಳಿಯಬೇಡಿ. ಆದರೆ ನೀವು ಉಡುಗೊರೆ ಕೊಡುವವರು. ಎರಡು ಗ್ರಾಂ ಮೀರಿದ್ದಕ್ಕೆ ಗುರುತು ಇರುವುದನ್ನೇ ತೆಗೆದುಕೊಳ್ಳಿ. ಮುಂದೆ ಆ ಹುಡುಗಿ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಮಾರುವಾಗ ಅಲ್ಲಿಯವರಿಗೆ ನಮ್ಮ ಊರ ಅಕ್ಕಸಾಲಿ ಗೊತ್ತಿರುವುದಿಲ್ಲ.

"ಇದು ಕೆಡಿಎಂ, ಚಿಂತೆ ಬೇಡ" ಎಂದು ಈಗಲೂ ಹೇಳುವವರಿದ್ದಾರೆ. ಕೆಡಿಎಂ ಎಂದರೆ ಕ್ಯಾಡ್ಮಿಯಂ ಸೇರಿಸಿದ ಬೆಸುಗೆ. ಬೆಸುಗೆ ಯಾವುದರದು ಎಂದು ಹೇಳುವ ಮಾತು ಅದು. ಚಿನ್ನ ಎಷ್ಟು ಶುದ್ಧ ಎಂಬುದಕ್ಕೆ ಖಾತರಿಯಲ್ಲ. ಕ್ಯಾಡ್ಮಿಯಂ ಹೊಗೆ ಅಕ್ಕಸಾಲಿಗಳ ಶ್ವಾಸಕೋಶಕ್ಕೆ ಕೆಡುಕು.

ಗುರುತು ಇದ್ದೂ ಅನುಮಾನ ಬಂದರೆ, ಬಿಐಎಸ್ ಮಾನ್ಯತೆ ಇರುವ ಪರೀಕ್ಷಾ ಕೇಂದ್ರದಲ್ಲಿ ಗ್ರಾಹಕರೇ ಹಣ ಕಟ್ಟಿ ಪರೀಕ್ಷೆ ಮಾಡಿಸಬಹುದು. ನಮಗೆ ಹುಬ್ಬಳ್ಳಿಯಂಥ ದೊಡ್ಡ ಊರಿಗೆ ಹೋಗಬೇಕಾದೀತು. ಶುದ್ಧತೆ ಗುರುತಿಗಿಂತ ಕಡಿಮೆ ಎಂದು ಸಾಬೀತಾದರೆ, ಕೊರತೆಯಾದ ಮೊತ್ತದ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚನ್ನು ಮಾರಿದವರು ಕೊಡಬೇಕು ಎಂದು ನಿಯಮ ಇದೆ. ಅದಕ್ಕೆ ಬಿಲ್ ಬೇಕು.

ಕೈಯಲ್ಲಿ ಹಿಡಿದು ನೋಡಿ

ಶುದ್ಧತೆ ಸರಿಯಿದ್ದರೂ ಕೆಲಸ ಕೆಟ್ಟಿರಬಹುದು. ಓಲೆಯಲ್ಲಿ ಮೊದಲು ಕೈಕೊಡುವುದು ತಿರುಪು. ಎರಡೂ ತಿರುಪನ್ನು ಪೂರ್ತಿ ಬಿಚ್ಚಿ ಹಾಕಿ ನೋಡಿ. ಸಲೀಸಾಗಿ ಸುತ್ತಬೇಕು, ಕೊನೆಯಲ್ಲಿ ಬಿಗಿಯಾಗಿ ನಿಲ್ಲಬೇಕು. ಒಂದೆರಡು ಸುತ್ತಿಗೆ ತಾನೇ ಜಾರಿ ಬಂದರೆ ಅದು ಬೇಗ ಕಳೆಯುತ್ತದೆ. ಎಡದ ತಿರುಪು ಬಲಕ್ಕೂ ಆಗುತ್ತದಾ ನೋಡಿ. ಕಡ್ಡಿ ಓಲೆಗೆ ಸೇರುವ ಜಾಗದಲ್ಲಿ ಬೆಸುಗೆ ಸುತ್ತಲೂ ತುಂಬಿರಬೇಕು. ಒಂದು ಬದಿ ಮಾತ್ರ ಹಿಡಿದಿದ್ದರೆ ಕಡ್ಡಿ ಅಲ್ಲಾಡುತ್ತದೆ. ಬೆರಳ ತುದಿಯಲ್ಲಿ ಮೆಲ್ಲಗೆ ಆಡಿಸಿದರೆ ಗೊತ್ತಾಗುತ್ತದೆ. ಆಮೇಲೆ ಓಲೆಯ ಅಂಚನ್ನು ಹತ್ತಿ ಸೀರೆಯ ಸೆರಗಿನ ಮೇಲೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಅಂಚು ಸರಿಯಾಗಿ ಉಜ್ಜಿಲ್ಲ. ನಾನು ತೆಗೆದುಕೊಂಡ ಜೋಡಿಯಲ್ಲಿ ಒಂದು ಎಸಳು ಸೀರೆಗೆ ಹಿಡಿಯಿತು. ಹತ್ತು ನಿಮಿಷ ಕೂರಿಸಿ ಅಲ್ಲೇ ಉಜ್ಜಿ ಕೊಟ್ಟರು. ಉಜ್ಜಿದ ಮೇಲೆ ಮತ್ತೊಮ್ಮೆ ತೂಗಿಸಿದೆ. ಫರಕು ಬಂದಿರಲಿಲ್ಲ.

ಮನೆಯಲ್ಲಿ ಹಳೆ ತುಂಡು ಇದ್ದರೆ

ಒಂಟಿ ಓಲೆ, ತುಂಡಾದ ಸರ ಹಾಕಿ ಹೊಸದು ಮಾಡಿಸುವುದು ಕೈ ಬಿಗಿ ಇದ್ದವರಿಗೆ ಒಳ್ಳೆ ದಾರಿ. ಆದರೆ ಹಳೆ ಒಡವೆ 22 ಕ್ಯಾರೆಟ್ ಇರುತ್ತದೆ ಎಂದು ಲೆಕ್ಕ ಹಾಕಿಕೊಂಡು ಹೋಗಬೇಡಿ. ಬೆಸುಗೆ ಜಾಸ್ತಿ ಇದ್ದ ಹಳೆ ಒಡವೆಗಳಲ್ಲಿ 18, 19, 20 ಕ್ಯಾರೆಟ್ ಬಂದದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಮೊದಲು ತೂಗಿಸಿ, ಯಂತ್ರದಲ್ಲಿ ಕ್ಯಾರೆಟ್ ನೋಡಿಸಿ, ಕರಗಿಸುವುದಾದರೆ ನಿಮ್ಮ ಎದುರೇ ಕರಗಿಸಲು ಹೇಳಿ. ಹಳೆ ಚಿನ್ನಕ್ಕೆ ಯಾವ ದರ, ಎಷ್ಟು ಕಳೆಯುತ್ತಾರೆ ಎಂಬುದನ್ನು ಹೊಸ ಒಡವೆ ಆರಿಸುವ ಮುಂಚೆಯೇ ಕೇಳಿ. ಆರಿಸಿದ ಮೇಲೆ ಕೇಳಿದರೆ ನಾವು ಅರ್ಧ ಸೋತಿರುತ್ತೇವೆ.

ಮದುವೆ ಇನ್ನೂ ಎರಡು ಮೂರು ತಿಂಗಳು ದೂರ ಇದ್ದು, ಅಡಿಕೆ ಮಾರಿದ ಹಣವೋ ಮತ್ತೊಂದೋ ಈಗಲೇ ಕೈಗೆ ಬಂದಿದ್ದರೆ ಕೊಂಡು ಇಟ್ಟುಬಿಡಿ. ದರ ಇಳಿಯಬಹುದು ಎಂದು ಕಾದು, ಮದುವೆಯ ಹಿಂದಿನ ವಾರ ಓಡುವವರಿಗೆ ಎರಡು ಅಂಗಡಿ ನೋಡುವಷ್ಟೂ ಸಮಯ ಸಿಗುವುದಿಲ್ಲ. ಮುಂಗಡ ಕೊಟ್ಟು ದರ ಕಾಯ್ದಿರಿಸುವುದಾದರೆ, ದರ ಏರಿದರೆ ಏನು, ಇಳಿದರೆ ಏನು ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ.

ನಾಮಕರಣಕ್ಕೆ ಲೆಕ್ಕ ಬೇರೆ

ಕಾರವಾರದಲ್ಲಿ ಚಿಕ್ಕ ತಮ್ಮನ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ನನ್ನ ಹತ್ತಿರ ಇದ್ದದ್ದು 15,000. ಇದೇ ದರದಲ್ಲಿ ಅದು ಹೆಚ್ಚು ಕಡಿಮೆ ಒಂದು ಗ್ರಾಂ. ಒಂದು ಗ್ರಾಮಿನ ಪುಟ್ಟ ಉಂಗುರ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ನಾನು ಬೇಡ ಎನ್ನುತ್ತೇನೆ. ಮಗು ಕೈಯನ್ನು ಬಾಯಿಗೆ ಹಾಕುತ್ತದೆ, ಉಂಗುರ ಜಾರಿದರೆ ಗಂಟಲಿಗೆ ಅಪಾಯ. ಕೆಲವು ತಿಂಗಳಲ್ಲಿ ಬೆರಳಿಗೂ ಆಗುವುದಿಲ್ಲ. ಕನಿಷ್ಠ ಮಜೂರಿಯ ಭಾರ ಇಂಥ ಚಿಕ್ಕ ಒಡವೆಯ ಮೇಲೆ ಜಾಸ್ತಿ. ಎರಡು ಗ್ರಾಮಿನ ಕೆಳಗೆ ಇರುವುದರಿಂದ ಹಾಲ್‌ಮಾರ್ಕ್ ಇಲ್ಲದೆಯೂ ಮಾರಬಹುದು.

ಹಾಗಾಗಿ ಇಲ್ಲಿ ನಾನು ನಾಣ್ಯದ ಕಡೆಗೆ. 24 ಕ್ಯಾರೆಟಿನ ಒಂದು ಗ್ರಾಂ ಸುಮಾರು 13,090, ಮಜೂರಿ 500, ಮೇಲೆ ಜಿಎಸ್‌ಟಿ, ಎಲ್ಲ ಸೇರಿ 14,000ದ ಒಳಗೆ. ತೂಕ ಮತ್ತು 999 ಅಥವಾ 995 ಎಂಬ ಶುದ್ಧತೆ ಬರೆದ, ಸೀಲ್ ಆದ ಪ್ಯಾಕೆಟ್ಟಿನಲ್ಲಿ ಬರುವುದನ್ನೇ ತೆಗೆದುಕೊಳ್ಳಿ. ಪ್ಯಾಕೆಟ್ ಒಡೆಯಬೇಡಿ ಎಂದು ಮಗುವಿನ ಅಮ್ಮನಿಗೂ ಹೇಳಿ. ಒಡೆದದ್ದನ್ನು ಮಾರುವಾಗ ಮತ್ತೆ ಪರೀಕ್ಷೆ, ಮತ್ತೆ ಪ್ರಶ್ನೆ.

ತೊಟ್ಟಿಲ ಹತ್ತಿರ ನಿಂತು ಮಗುವಿಗೆ ಏನನ್ನಾದರೂ ತೊಡಿಸಬೇಕು ಎಂಬ ಆಸೆ ಅತ್ತೆಯಂದಿರಿಗೆ ಇದ್ದೇ ಇರುತ್ತದೆ. ಅದಕ್ಕೆ ಉಳಿದ ಹಣದಲ್ಲಿ ಕರಿಮಣಿ ಪೋಣಿಸಿದ ಒಂದು ಜೋಡಿ ಕೈಬಳೆ ತೊಡಿಸಿದೆ. ದಾರ ಗಟ್ಟಿಯಿದೆಯಾ, ಮಣಿ ಉದುರುವುದಿಲ್ಲವಾ ಎಂದು ಎಳೆದು ನೋಡಿಯೇ ತಂದೆ. ನಾಣ್ಯವನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟೆ. ಕಿವಿ ಚುಚ್ಚುವ ಹೊತ್ತಿಗೆ ಬೇಕಾದರೆ ಅದನ್ನೇ ಕೊಟ್ಟು ಓಲೆ ಮಾಡಿಸಬಹುದು.

ಬಿಲ್ ಯಾರ ಹತ್ತಿರ ಇರಬೇಕು

ಬಿಲ್ಲಿನಲ್ಲಿ ಒಡವೆಯ ಹೆಸರು, ನಿವ್ವಳ ತೂಕ, ಶುದ್ಧತೆ, ಆ ದಿನದ ದರ, ಮಜೂರಿ, ಕಲ್ಲು ಇದ್ದರೆ ಅದರ ತೂಕ ಮತ್ತು ಬೆಲೆ, ಹಾಲ್‌ಮಾರ್ಕ್ ಶುಲ್ಕ, ಜಿಎಸ್‌ಟಿ ಬೇರೆ ಬೇರೆ ಇರಬೇಕು. ಎಚ್‌ಯುಐಡಿ ಬರೆದಿರದಿದ್ದರೆ ಬರೆಸಿ. "ಬಿಲ್ ಬೇಡ ಅಂದ್ರೆ ಜಿಎಸ್‌ಟಿ ಉಳೀತದೆ" ಎಂದು ಯಾರಾದರೂ ಹೇಳಿದರೆ, ನನ್ನ ಓಲೆಯಲ್ಲಿ ಉಳಿಯುತ್ತಿದ್ದದ್ದು 1,162 ರೂಪಾಯಿ. ಆ ಬಿಳಿ ಚೀಟಿಯ ಉಂಗುರದಲ್ಲಿ ಕಳೆದುಹೋದದ್ದು 0.8 ಗ್ರಾಂ ಚಿನ್ನದ ಬೆಲೆ.

ಈಗಿನ ಬಿಲ್ಲುಗಳಲ್ಲಿ ಎಷ್ಟೋ ಒಂದೆರಡು ವರ್ಷಕ್ಕೆ ಅಕ್ಷರ ಮಾಸಿ ಬಿಳಿ ಕಾಗದ ಆಗುತ್ತವೆ. ಅದೇ ದಿನ ಝೆರಾಕ್ಸ್ ಮಾಡಿಸಿ, ಫೋಟೋವನ್ನೂ ತೆಗೆದಿಡಿ.

ಉಡುಗೊರೆಯ ಜೊತೆ ಬಿಲ್ ಕೊಡುವುದು ನಮ್ಮಲ್ಲಿ ಚೆಂದ ಕಾಣುವುದಿಲ್ಲ, ಬೆಲೆ ತೋರಿಸಿದ ಹಾಗೆ ಆಗುತ್ತದೆ. ಹಾಗೆಂದು ನಾವೇ ಇಟ್ಟುಕೊಂಡರೆ ಅವಳಿಗೆ ಬೇಕಾದಾಗ ಸಿಗುವುದಿಲ್ಲ. ಮಂಟಪದಲ್ಲಿ ನಾನು ಓಲೆಯ ಡಬ್ಬಿ ಮಾತ್ರ ಕೊಟ್ಟೆ. ಮದುವೆ ಕಳೆದು ಅವಳು ಗಂಡನ ಜೊತೆ ಕುಮಟಾಕ್ಕೆ ನಮ್ಮಲ್ಲಿ ಊಟಕ್ಕೆ ಬಂದಾಗ, ಹೊರಡುವ ಹೊತ್ತಿಗೆ ಒಳಕೋಣೆಗೆ ಕರೆದು ಬಿಲ್ಲೂ ಅದರ ಝೆರಾಕ್ಸೂ ಇದ್ದ ಲಕೋಟೆ ಕೈಗಿಟ್ಟೆ. "ಅತ್ತೆ, ಇದೆಲ್ಲಾ ಯಾಕೆ?" ಅಂದಳು. "ಬೀರುವಿನಲ್ಲಿ ಇರಲಿ, ಓಲೆ ಇಡುವ ಡಬ್ಬಿಯಲ್ಲಿ ಬೇಡ, ಬೇರೆ ಕಡೆ ಇಡು" ಅಂದೆ. ಅವತ್ತೂ ಅವಳ ಕಿವಿಯಲ್ಲಿ ಅದೇ ಓಲೆ ಇತ್ತು.